ಪ್ರಿಯೆದೋರ್‌ನ ಇಬ್ಬರು ಆರೋಪಿಗಳು: ಜೆಸಿಇ ಮತ್ತು ಕೋ-ಪರ್ಪೆಟ್ರೇಷನ್ ಎಲ್ಲಿ ಬೇರೆಯಾಗುತ್ತವೆ?

ಪ್ರಶ್ನೆ: ನಾನು ಎಲ್‌ಎಲ್‌ಎಂ ಓದುತ್ತಿದ್ದೇನೆ. ಯುಗೋಸ್ಲಾವಿಯಾ ನ್ಯಾಯಮಂಡಳಿ 'ಜಾಯಿಂಟ್ ಕ್ರಿಮಿನಲ್ ಎಂಟರ್‌ಪ್ರೈಸ್', ಅಂದರೆ ಜೆಸಿಇ, ಅನ್ನುತ್ತಿತ್ತು, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಅಂದರೆ ಐಸಿಸಿ, 'ಕೋ-ಪರ್ಪೆಟ್ರೇಷನ್' ಅನ್ನುತ್ತೆ. ಎರಡರಲ್ಲೂ ಹಲವರು ಸೇರಿ ಯೋಜನೆ ಮಾಡ್ತಾರೆ, ಎಲ್ಲರೂ ಹೊಣೆ ಆಗ್ತಾರೆ. ಹೆಸರು ಬಿಟ್ಟರೆ ಏನು ವ್ಯತ್ಯಾಸ? ಒಬ್ಬ ಆರೋಪಿ ಒಂದರಲ್ಲಿ ಸಿಕ್ಕಿಬಿದ್ದು ಇನ್ನೊಂದರಲ್ಲಿ ತಪ್ಪಿಸಿಕೊಳ್ಳೋಕೆ ಆಗುತ್ತಾ?

ಉತ್ತರ: ಆಗುತ್ತೆ. ಒಂದೇ ಊರಿನ ಇಬ್ಬರು ಆರೋಪಿಗಳನ್ನು ಇಟ್ಟುಕೊಂಡು ಅದನ್ನು ತೋರಿಸುತ್ತೇನೆ.

ಬೋಸ್ನಿಯಾದ ವಾಯವ್ಯ ಭಾಗದಲ್ಲಿ ಪ್ರಿಯೆದೋರ್ ಅಂತ ಒಂದು ಪಟ್ಟಣ ಇದೆ. 1992ರ ಏಪ್ರಿಲ್ 30ರಂದು ಅಲ್ಲಿನ ಆಡಳಿತ ಸರ್ಬ್ ರಾಷ್ಟ್ರವಾದಿಗಳ ಕೈಗೆ ಹೋಯಿತು. ಮುಂದಿನ ತಿಂಗಳುಗಳಲ್ಲಿ ಮುಸ್ಲಿಮರನ್ನೂ ಕ್ರೊಯೇಟರನ್ನೂ ಆ ಪ್ರದೇಶದಿಂದ ಓಡಿಸುವ ಕೆಲಸ ನಡೆಯಿತು. ಹಳ್ಳಿಗಳ ಮೇಲೆ ದಾಳಿಗಳಾದವು. ಒಮಾರ್ಸ್ಕಾ, ಕೆರಾತೆರ್ಮ್, ತ್ರ್ನೊಪೊಲ್ಯೆ ಎಂಬ ಮೂರು ಕಡೆ ಶಿಬಿರಗಳು ಶುರುವಾದವು. ಈ ಘಟನೆಗಳಿಂದ ಹೇಗ್‌ನಲ್ಲಿದ್ದ ಯುಗೋಸ್ಲಾವಿಯಾ ನ್ಯಾಯಮಂಡಳಿಯ ಕಟಕಟೆಗೆ ಬಂದವರಲ್ಲಿ ನಮಗೆ ಬೇಕಾದವರು ಇಬ್ಬರು. ಒಬ್ಬ ದುಷ್ಕೊ ತಾದಿಚ್. ಕೆಫೆ ನಡೆಸುತ್ತಿದ್ದ, ಕರಾಟೆ ಹೇಳಿಕೊಡುತ್ತಿದ್ದ, ದೊಡ್ಡ ಅಧಿಕಾರವೇನೂ ಇಲ್ಲದ ಮನುಷ್ಯ. ಇನ್ನೊಬ್ಬ ಮಿಲೊಮಿರ್ ಸ್ತಾಕಿಚ್. ವೃತ್ತಿಯಲ್ಲಿ ವೈದ್ಯ, ಆಡಳಿತ ಕೈಬದಲಾದ ಮೇಲೆ ಪಟ್ಟಣದ ಪುರಸಭೆಗೂ ಅದರ ತುರ್ತು ಸಮಿತಿಗೂ ಅಧ್ಯಕ್ಷ. ಒಬ್ಬ ತಳದಲ್ಲಿ, ಇನ್ನೊಬ್ಬ ತುದಿಯಲ್ಲಿ. ಜೆಸಿಇ ಸಿದ್ಧಾಂತ ಹುಟ್ಟಿದ್ದು ಮೊದಲನೆಯವನ ಪ್ರಕರಣದಲ್ಲಿ. ಅದರ ಬದಲಿಗೆ ಬೇರೊಂದು ಸಿದ್ಧಾಂತ ತರಲು ಹೋಗಿ ಬಿದ್ದದ್ದು ಎರಡನೆಯವನ ಪ್ರಕರಣದಲ್ಲಿ.

ತಾದಿಚ್‌ನಿಂದ ಶುರು ಮಾಡೋಣ. 1992ರ ಜೂನ್ 14ರಂದು ಶಸ್ತ್ರಧಾರಿಗಳ ಒಂದು ಗುಂಪು ಯಾಸ್ಕಿಚಿ ಎಂಬ ಸಣ್ಣ ಹಳ್ಳಿಗೆ ನುಗ್ಗಿತು. ಗಂಡಸರನ್ನು ಮನೆಗಳಿಂದ ಹೊರಗೆ ಎಳೆದರು, ಹೊಡೆದರು, ಹಲವರನ್ನು ಹಿಡಿದುಕೊಂಡು ಹೋದರು. ಅವರು ಹೋದ ಮೇಲೆ ಊರಿನಲ್ಲಿ ಐದು ಗಂಡಸರ ಶವ ಸಿಕ್ಕಿತು. ತಾದಿಚ್ ಆ ಗುಂಪಿನಲ್ಲಿದ್ದ, ಜನರನ್ನು ಹೊಡೆದಿದ್ದ ಎಂಬುದು ರುಜುವಾತಾಯಿತು. ಆದರೆ ಆ ಐವರಿಗೆ ಗುಂಡು ಹೊಡೆದವರು ಯಾರು? ಕಣ್ಣಾರೆ ಕಂಡ ಸಾಕ್ಷಿ ಒಬ್ಬರೂ ಇರಲಿಲ್ಲ. ಅದೇ ದಿನ ಪಕ್ಕದ ಸಿವ್ತ್ಸಿ ಹಳ್ಳಿಯಲ್ಲೂ ಇಂಥದೇ ದಾಳಿ ಆಗಿತ್ತು, ಅಲ್ಲಿ ಯಾರೂ ಸತ್ತಿರಲಿಲ್ಲ. ಸುತ್ತಮುತ್ತ ಬೇರೆ ಪಡೆಗಳೂ ಇದ್ದವು. ಹಾಗಾಗಿ 1997ರ ಮೇ 7ರಂದು ವಿಚಾರಣಾ ಪೀಠ ಈ ಐದು ಕೊಲೆಗಳ ಮಟ್ಟಿಗೆ ತಾದಿಚ್‌ನನ್ನು ಖುಲಾಸೆ ಮಾಡಿತು. ಕೊಲೆಯಲ್ಲಿ ಅವನ ಕೈ ಇತ್ತು ಅನ್ನುವುದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದಿತು.

1999ರ ಜುಲೈ 15ರಂದು ಮೇಲ್ಮನವಿ ಪೀಠ ಇದನ್ನು ತಿರುಗಿಸಿತು. ಮೊದಲು ವಾಸ್ತವದ ಮಾತು: ಕೊಂದದ್ದು ತಾದಿಚ್ ಇದ್ದ ಗುಂಪೇ, ಬೇರೆ ಯಾವ ತೀರ್ಮಾನವೂ ಒಪ್ಪುವಂಥದ್ದಲ್ಲ. ಆಮೇಲೆ ಕಾನೂನಿನ ಮಾತು. ನ್ಯಾಯಮಂಡಳಿಯ ಶಾಸನದ 7(1)ನೇ ವಿಧಿಯಲ್ಲಿ ಯೋಜಿಸಿದವನು, ಪ್ರಚೋದಿಸಿದವನು, ಆದೇಶ ಕೊಟ್ಟವನು, ಅಪರಾಧ ಎಸಗಿದವನು, ನೆರವಾದವನು ಅಂತ ಪಟ್ಟಿ ಇದೆ. ಜೆಸಿಇ ಎಂಬ ಹೆಸರು ಅಲ್ಲಿ ಎಲ್ಲೂ ಇಲ್ಲ. ಪೀಠ ಅದನ್ನು 'ಎಸಗಿದವನು' ಎಂಬ ಪದದ ಒಳಗೇ ಓದಿಕೊಂಡಿತು. ಎರಡನೇ ಮಹಾಯುದ್ಧದ ನಂತರದ ಪ್ರಕರಣಗಳನ್ನು ಜಾಲಾಡಿ, ಇದು ರೂಢಿಗತ ಅಂತರರಾಷ್ಟ್ರೀಯ ಕಾನೂನಿನಲ್ಲಿ ಮೊದಲಿನಿಂದಲೂ ಇದೆ ಎಂದಿತು. ಆ ಆಧಾರ ಎಷ್ಟು ಗಟ್ಟಿ ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಜೆಸಿಇಗೆ ಮೂರು ಸಂಗತಿ ಬೇಕು. ಹಲವು ಜನ, ಅಪರಾಧವನ್ನು ಒಳಗೊಂಡ ಒಂದು ಸಾಮಾನ್ಯ ಉದ್ದೇಶ, ಆ ಉದ್ದೇಶಕ್ಕೆ ಆರೋಪಿಯ ಕೊಡುಗೆ. ಇದರಲ್ಲಿ ಮೂರು ರೂಪಗಳಿವೆ. ಮೊದಲನೆಯದರಲ್ಲಿ ಎಲ್ಲರಿಗೂ ಒಂದೇ ಅಪರಾಧದ ಇರಾದೆ ಇರುತ್ತೆ. ಎರಡನೆಯದು ಸೆರೆಶಿಬಿರಗಳಂಥ ದೌರ್ಜನ್ಯದ ವ್ಯವಸ್ಥೆಗೆ ಸಂಬಂಧಿಸಿದ್ದು. ಅದು ಮೊದಲನೆಯದರ ಒಂದು ಬಗೆ ಅಷ್ಟೇ, ಅಲ್ಲಿ ನಿಲ್ಲುವುದು ಬೇಡ. ಗಲಾಟೆ ಇರುವುದೆಲ್ಲ ಮೂರನೆಯದರಲ್ಲಿ. ಅಲ್ಲಿ ಆರೋಪಿಗೆ ಒಂದು ಅಪರಾಧದ ಇರಾದೆ ಇರುತ್ತೆ, ನಡೆಯುವುದು ಇನ್ನೊಂದು ಅಪರಾಧ. ಹೀಗೂ ಆಗಬಹುದು ಅಂತ ಅವನಿಗೆ ಕಾಣುತ್ತಿದ್ದು, ಆದರೆ ಆಗಲಿ ಅಂತ ಗುಂಪಿನ ಜೊತೆ ಮುಂದುವರಿದಿದ್ದರೆ, ಆ ಇನ್ನೊಂದು ಅಪರಾಧಕ್ಕೂ ಅವನೇ ಹೊಣೆ. ಅದೂ ಸಹಾಯಕನಾಗಿ ಅಲ್ಲ, ಎಸಗಿದವನಾಗಿ.

ಯಾಸ್ಕಿಚಿಗೆ ಇದನ್ನು ಹಚ್ಚಿ ನೋಡಿ. ಸಾಮಾನ್ಯ ಉದ್ದೇಶ ಯಾವುದು? ಪ್ರಿಯೆದೋರ್‌ನಿಂದ ಸರ್ಬರಲ್ಲದವರನ್ನು ಅಮಾನವೀಯ ಕೃತ್ಯಗಳ ಮೂಲಕ ಓಡಿಸುವುದು. ಕೊಲ್ಲುವುದೇ ಉದ್ದೇಶ ಅಂತ ಪೀಠ ಹೇಳಲಿಲ್ಲ. ತಾದಿಚ್ ಆ ಉದ್ದೇಶ ಹಂಚಿಕೊಂಡಿದ್ದನೇ? ಹೌದು, ದಾಳಿಯಲ್ಲಿ ಅವನು ಮಾಡಿದ ಕೆಲಸವೇ ಅದನ್ನು ಹೇಳುತ್ತೆ. ಇಂಥ ದಾಳಿಯಲ್ಲಿ ಜನ ಸಾಯಬಹುದು ಎಂಬುದು ಅವನಿಗೆ ಗೊತ್ತಿತ್ತೇ? ಗೊತ್ತಿತ್ತು, ಗೊತ್ತಿದ್ದೂ ಹೋದ. ಇಷ್ಟು ಸಾಕಾಯಿತು. ಬಂದೂಕು ಹಿಡಿದ ಕೈ ಯಾರದ್ದು ಅಂತ ಗೊತ್ತಾಗಲೇ ಇಲ್ಲ, ಆದರೂ ಐದು ಕೊಲೆಗಳಿಗೆ ಶಿಕ್ಷೆ ಆಯಿತು. ಕೊನೆಗೆ 2000ದ ಜನವರಿಯಲ್ಲಿ ಎಲ್ಲ ಆರೋಪಗಳಿಗೂ ಸೇರಿ ಅವನ ಶಿಕ್ಷೆ 20 ವರ್ಷಕ್ಕೆ ನಿಂತಿತು.

ಇಲ್ಲಿ ಪೀಠ ಕೇಳದೇ ಬಿಟ್ಟ ಪ್ರಶ್ನೆಯನ್ನು ಗಮನಿಸಿ. ತಾದಿಚ್ ಆ ದಿನ ಬರದೇ ಇದ್ದಿದ್ದರೆ ಆ ಐವರು ಬದುಕುತ್ತಿದ್ದರಾ? ಯಾರೂ ಕೇಳಲಿಲ್ಲ. ಜೆಸಿಇಯಲ್ಲಿ ಕೇಳುವ ಅಗತ್ಯವೂ ಇಲ್ಲ. ಆರೋಪಿಯ ಕೊಡುಗೆ ಗಣನೀಯವಾಗಿದ್ದರೆ ಸಾಕು, ಅದಿಲ್ಲದಿದ್ದರೆ ಅಪರಾಧವೇ ನಡೆಯುತ್ತಿರಲಿಲ್ಲ ಅನ್ನುವಷ್ಟು ಇರಬೇಕಿಲ್ಲ. 2007ರ ಬ್ರ್ಜಾನಿನ್ ಮೇಲ್ಮನವಿ ತೀರ್ಪು ಇದನ್ನು ಬಿಡಿಸಿ ಹೇಳಿತು. ಅಂದರೆ ಜೆಸಿಇಯಲ್ಲಿ ತೂಕವೆಲ್ಲ ಆರೋಪಿಯ ಮನಸ್ಸಿನ ಮೇಲೆ. ಉದ್ದೇಶ ಹಂಚಿಕೊಂಡಿದ್ದ ಅಂತಾದರೆ, ಕೈಯಿಂದ ಮಾಡಿದ್ದು ಅತ್ಯಗತ್ಯ ಅಲ್ಲದಿದ್ದರೂ ನಡೆಯುತ್ತೆ.

ಈಗ ಸ್ತಾಕಿಚ್. ಶಿಬಿರಗಳಲ್ಲೂ ಹಳ್ಳಿಗಳಲ್ಲೂ ಆದ ಸಾವುಗಳು 1,500ಕ್ಕಿಂತ ಹೆಚ್ಚು ಎಂದು ವಿಚಾರಣಾ ಪೀಠ ಲೆಕ್ಕ ಹಾಕಿತು. ಅವನು ಸ್ವತಃ ಯಾರನ್ನೂ ಕೊಂದವನಲ್ಲ. ಹಾಗಾದರೆ ಅವನನ್ನು ಏನಂತ ಕರೆಯುವುದು? ಜೆಸಿಇ ಕೈಯಳತೆಯಲ್ಲೇ ಇತ್ತು. ಜರ್ಮನ್ ನ್ಯಾಯಾಧೀಶ ವೊಲ್ಫ್‌ಗಾಂಗ್ ಷೋಂಬುರ್ಗ್ ಅಧ್ಯಕ್ಷತೆಯ ಪೀಠ ಅದನ್ನು ಮುಟ್ಟಲಿಲ್ಲ. 2003ರ ಜುಲೈ 31ರ ತೀರ್ಪಿನಲ್ಲಿ ಅದು ಕೋ-ಪರ್ಪೆಟ್ರೇಷನ್ ದಾರಿ ಹಿಡಿಯಿತು. ಇದರ ಬೇರು ಜರ್ಮನ್ ಕಾನೂನಿನಲ್ಲಿದೆ. ಪ್ರೊಫೆಸರ್ ಕ್ಲಾಸ್ ರೊಕ್ಸಿನ್ 1960ರ ದಶಕದಲ್ಲಿ ಬೆಳೆಸಿದ ವಾದ ಅದು: ಅಪರಾಧದ ಲಗಾಮು ಯಾರ ಕೈಯಲ್ಲಿದೆಯೋ ಅವನೇ ಅದರ ಕರ್ತೃ. ಹಲವರು ಸೇರಿದಾಗ ಲಗಾಮು ಹಂಚಿಹೋಗುತ್ತೆ. ಪ್ರತಿಯೊಬ್ಬನ ಹತ್ತಿರವೂ ಒಂದೊಂದು ಅತ್ಯಗತ್ಯ ಕೆಲಸ ಇರುತ್ತೆ. ಒಬ್ಬನಿಂದಲೇ ಏನೂ ಆಗುವುದಿಲ್ಲ, ಆದರೆ ಯಾವನೇ ಒಬ್ಬ ತನ್ನ ಪಾಲಿನ ಕೆಲಸ ನಿಲ್ಲಿಸಿದರೆ ಇಡೀ ಯೋಜನೆ ಕುಸಿಯುತ್ತೆ.

ಪ್ರಿಯೆದೋರ್‌ನಲ್ಲಿ ಇದು ಹೇಗೆ ಕೂತಿತು ನೋಡಿ. ಪೊಲೀಸ್ ಮುಖ್ಯಸ್ಥ ಸಿಮೊ ದ್ರ್ಲ್ಯಾಚಾ ಒಂದು ಕಡೆ, ಸೇನೆಯ ಅಧಿಕಾರಿಗಳು ಇನ್ನೊಂದು ಕಡೆ, ನಾಗರಿಕ ಆಡಳಿತದ ತಲೆಯಾಗಿ ಸ್ತಾಕಿಚ್ ಮತ್ತೊಂದು ಕಡೆ. ಶಿಬಿರ ತೆರೆಯುವ ನಿರ್ಧಾರದಲ್ಲಿ ತುರ್ತು ಸಮಿತಿ ಇತ್ತು, ಜನರನ್ನು ಹಿಡಿದು ತಂದು ಕಾಯುವುದರಲ್ಲಿ ಪೊಲೀಸರಿದ್ದರು, ಹಳ್ಳಿಗಳ ಮೇಲೆ ದಾಳಿ ಮಾಡಿದ್ದು ಸೇನೆ. ಇವರಲ್ಲಿ ಯಾರೂ ಒಬ್ಬರೇ ಗುರಿ ಮುಟ್ಟಲು ಆಗುತ್ತಿರಲಿಲ್ಲ. ಆದರೆ ಯಾರೇ ಒಬ್ಬರು ತಮ್ಮ ಪಾತ್ರ ಮಾಡಲ್ಲ ಅಂದಿದ್ದರೂ ಅದು ಮುಗ್ಗರಿಸುತ್ತಿತ್ತು. ಸ್ತಾಕಿಚ್‌ಗೆ ತನ್ನ ಪಾತ್ರದ ಮಹತ್ವ ಗೊತ್ತಿತ್ತು. ಹೀಗಾಗಿ ಅವನು ಸಹ-ಕರ್ತೃ. ಶಿಕ್ಷೆ ಜೀವಾವಧಿ.

ಮೇಲ್ಮನವಿಯಲ್ಲಿ ಈ ವಿಷಯವನ್ನು ಎರಡೂ ಕಡೆಯವರು ಎತ್ತಲೇ ಇಲ್ಲ. ಆದರೂ 2006ರ ಮಾರ್ಚ್ 22ರಂದು ಮೇಲ್ಮನವಿ ಪೀಠ ತಾನಾಗಿಯೇ ಅದಕ್ಕೆ ಕೈಹಾಕಿತು. ವಿಚಾರಣಾ ಪೀಠ ಬಳಸಿದ ಈ ರೂಪಕ್ಕೆ ರೂಢಿಗತ ಕಾನೂನಿನಲ್ಲೂ ಬೆಂಬಲ ಇಲ್ಲ, ಈ ನ್ಯಾಯಮಂಡಳಿಯ ತೀರ್ಪುಗಳಲ್ಲೂ ಇಲ್ಲ ಎಂದು ಅದನ್ನು ಕಿತ್ತುಹಾಕಿ, ಅದೇ ಸಂಗತಿಗಳಿಗೆ ಜೆಸಿಇ ಹಚ್ಚಿತು. ಓಡಿಸಿದ್ದು, ಗಡೀಪಾರು ಮಾಡಿದ್ದು, ಕಿರುಕುಳ ಕೊಟ್ಟದ್ದು ಮೊದಲ ರೂಪಕ್ಕೆ ಹೋದವು. ಕೊಲೆ ಮತ್ತು ಸಾಮೂಹಿಕ ನಿರ್ನಾಮ ಮೂರನೇ ರೂಪಕ್ಕೆ ಹೋದವು. ಸ್ತಾಕಿಚ್ ತಪ್ಪಿತಸ್ಥನಾಗಿಯೇ ಉಳಿದ. ಶಿಕ್ಷೆ 40 ವರ್ಷ ಆಯಿತು.

ಹಾಗಾದರೆ ಎರಡೂ ಒಂದೇ ಅಲ್ವಾ ಅಂತ ನೀವು ಕೇಳಬಹುದು. ಸ್ತಾಕಿಚ್‌ನಂಥ ಅಧಿಕಾರದ ಮನುಷ್ಯನ ವಿಷಯದಲ್ಲಿ ಹೆಚ್ಚುಕಡಿಮೆ ಹೌದು. ತುದಿಯಲ್ಲಿರುವವನಿಗೆ ಉದ್ದೇಶವೂ ಇರುತ್ತೆ, ಲಗಾಮೂ ಇರುತ್ತೆ. ವ್ಯತ್ಯಾಸ ಕಣ್ಣಿಗೆ ಬೀಳುವುದು ತಳದವನ ವಿಷಯದಲ್ಲಿ. ಸ್ತಾಕಿಚ್‌ಗೆ ಹಾಕಿದ ಅಳತೆಯನ್ನು ತಾದಿಚ್‌ಗೆ ಹಾಕಿ. ಯಾಸ್ಕಿಚಿಗೆ ಹೋದ ಶಸ್ತ್ರಧಾರಿಗಳಲ್ಲಿ ಅವನೊಬ್ಬ. ಅವನು ಹಿಂದೆ ಸರಿದಿದ್ದರೆ ದಾಳಿ ನಿಲ್ಲುತ್ತಿತ್ತು ಅನ್ನಲು ದಾಖಲೆಯಲ್ಲಿ ಏನೂ ಇಲ್ಲ. ಐದು ಕೊಲೆಗಳ ಲಗಾಮು ಅವನ ಕೈಯಲ್ಲಿರಲಿಲ್ಲ. ಜೆಸಿಇಯಲ್ಲಿ ಸಿಕ್ಕಿಬಿದ್ದವನು ಇಲ್ಲಿ ಕರ್ತೃ ಆಗುವುದಿಲ್ಲ. ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಇದು ಮೊದಲ ಉತ್ತರ.

ಎರಡನೇ ಉತ್ತರ ಮನಸ್ಸಿಗೆ ಸಂಬಂಧಿಸಿದ್ದು. ಇಲ್ಲಿ ಸಾಮಾನ್ಯವಾಗಿ ಒಂದು ಗೊಂದಲ ಆಗುತ್ತೆ. ಜೆಸಿಇ ಬರೀ ಅಪಾಯ ಊಹಿಸಿದರೂ ಹಿಡಿಯುತ್ತೆ, ಕೋ-ಪರ್ಪೆಟ್ರೇಷನ್ ಪೂರ್ತಿ ಇರಾದೆ ಕೇಳುತ್ತೆ, ಇದು ಸಿದ್ಧಾಂತಗಳ ಸ್ವಭಾವ ಅಂತ ತುಂಬಾ ಜನ ಬರೆಯುತ್ತಾರೆ. ಹಾಗಲ್ಲ. ಸ್ತಾಕಿಚ್ ವಿಚಾರಣಾ ಪೀಠ ಕೋ-ಪರ್ಪೆಟ್ರೇಷನ್ ಬಳಸಿತಾದರೂ ಕೊಲೆಯ ಮಟ್ಟಿಗೆ 'ಸಾಯಬಹುದು ಅಂತ ಗೊತ್ತಿತ್ತು, ಅದನ್ನು ಒಪ್ಪಿಕೊಂಡ' ಎಂಬ ಮನಃಸ್ಥಿತಿಯನ್ನೇ ಸಾಕು ಎಂದಿತ್ತು. ಐಸಿಸಿಯಲ್ಲಿ ಬಾಗಿಲು ಮುಚ್ಚಿರುವುದು ಸಿದ್ಧಾಂತದಿಂದಲ್ಲ, ಆ ನ್ಯಾಯಾಲಯವನ್ನು ಕಟ್ಟಿದ ಒಪ್ಪಂದವಾದ ರೋಮ್ ಶಾಸನದ 30ನೇ ವಿಧಿಯಿಂದ. ಪರಿಣಾಮ ಆಗಲಿ ಅಂತ ಆರೋಪಿ ಬಯಸಿರಬೇಕು, ಇಲ್ಲವೇ ಸಹಜ ಗತಿಯಲ್ಲಿ ಅದು ಆಗಿಯೇ ಆಗುತ್ತೆ ಅಂತ ತಿಳಿದಿರಬೇಕು ಅನ್ನುತ್ತೆ ಆ ವಿಧಿ. 'ಆಗಿಯೇ ಆಗುತ್ತೆ' ಅನ್ನುವುದನ್ನು ಐಸಿಸಿ ಪೀಠಗಳು ಬಹುತೇಕ ಖಚಿತ ಎಂಬ ಮಟ್ಟಕ್ಕೆ ಏರಿಸಿವೆ. 'ಆಗಬಹುದು' ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. ಯುಗೋಸ್ಲಾವಿಯಾ ನ್ಯಾಯಮಂಡಳಿಯಲ್ಲಿ ಜೆಸಿಇಯ ಮೂರನೇ ರೂಪಕ್ಕೆ ಸಾಕಷ್ಟು ಗಟ್ಟಿಯಾದ ಸಾಧ್ಯತೆ ಇದ್ದರೆ ಸಾಕಾಗುತ್ತಿತ್ತು. ಬಹುತೇಕ ಖಚಿತ ಎಲ್ಲಿ, ಸಾಧ್ಯತೆ ಎಲ್ಲಿ! ಆರೋಪಿಯ ಹತ್ತಾರು ವರ್ಷಗಳ ಜೈಲು ಈ ಎರಡರ ನಡುವೆ ನಿಂತಿರುತ್ತೆ.

ಐಸಿಸಿ ಕೋ-ಪರ್ಪೆಟ್ರೇಷನ್ ಕಡೆಗೆ ಹೋದದ್ದಕ್ಕೆ ಕಾರಣ ಅದರ ಶಾಸನದ ಮಾತುಗಳಲ್ಲೇ ಇದೆ. 25ನೇ ವಿಧಿಯ 3(ಎ) ಒಬ್ಬನೇ ಎಸಗುವುದು, ಇನ್ನೊಬ್ಬರ ಜೊತೆ ಸೇರಿ ಎಸಗುವುದು, ಇನ್ನೊಬ್ಬರ ಮೂಲಕ ಎಸಗುವುದು ಎಂದು ಮೂರು ಬಗೆ ಹೇಳುತ್ತೆ. ಆ ಇನ್ನೊಬ್ಬ ತಾನೇ ತಪ್ಪಿತಸ್ಥನಾಗಿದ್ದರೂ ಪರವಾಗಿಲ್ಲ. ಅದೇ ವಿಧಿಯ 3(ಡಿ) ಸಾಮಾನ್ಯ ಉದ್ದೇಶವಿರುವ ಗುಂಪಿಗೆ 'ಬೇರೆ ಯಾವುದೇ ರೀತಿಯಲ್ಲಿ' ಕೊಡುಗೆ ಕೊಟ್ಟವನನ್ನು ಬೇರೆಯಾಗಿ ಇಡುತ್ತೆ. ಇದು ಜೆಸಿಇಯನ್ನು ಹೋಲುತ್ತೆ, ಅಲ್ವಾ? ಅದೇ ತರ್ಕವನ್ನು 2007ರ ಜನವರಿ 29ರಂದು ಥಾಮಸ್ ಲುಬಾಂಗಾ ಪ್ರಕರಣದ ಪೂರ್ವ-ವಿಚಾರಣಾ ಪೀಠ ಹಿಡಿಯಿತು. ಸಾಮಾನ್ಯ ಉದ್ದೇಶದ ಗುಂಪಿಗೆ ಉಳಿಕೆಯ ಕೋಣೆಯೊಂದು 3(ಡಿ)ಯಲ್ಲಿ ಇರುವಾಗ, 'ಎಸಗುವುದು' ಎಂಬುದಕ್ಕೆ ಬೇರೆ ಅಳತೆ ಇರಲೇಬೇಕು. ಆ ಅಳತೆ ಅಪರಾಧದ ಮೇಲಿನ ಹಿಡಿತ ಎಂದಿತು.

ಲುಬಾಂಗಾ ಕಾಂಗೋದ ಇತೂರಿ ಪ್ರದೇಶದ ಒಂದು ಸಶಸ್ತ್ರ ಗುಂಪಿನ ಅಧ್ಯಕ್ಷ ಮತ್ತು ಮಹಾದಂಡನಾಯಕ. ಆರೋಪ: 2002ರ ಸೆಪ್ಟೆಂಬರ್‌ನಿಂದ 2003ರ ಆಗಸ್ಟ್‌ವರೆಗೆ 15 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಪಡೆಗೆ ಸೇರಿಸಿ ಯುದ್ಧಕ್ಕೆ ಬಳಸಿದ್ದು. ಇವನು ಊರೂರು ತಿರುಗಿ ಮಕ್ಕಳನ್ನು ಹಿಡಿದು ತಂದವನಲ್ಲ. ಹಾಗಾದರೆ ಅತ್ಯಗತ್ಯ ಪಾತ್ರ ಎಲ್ಲಿ? ಪೀಠ ಅವನ ಇಡೀ ಸ್ಥಾನವನ್ನು ತೂಗಿತು. ಸೇನೆಯ ವ್ಯವಸ್ಥೆ ಅವನ ಕೈಯಲ್ಲಿತ್ತು, ಯೋಜನೆ ಮತ್ತು ಸಾಮಗ್ರಿಯ ನಿರ್ಧಾರಗಳಲ್ಲಿ ಅವನಿದ್ದ, ಅವನ ಅಂಗರಕ್ಷಕರಲ್ಲೇ ಚಿಕ್ಕ ಮಕ್ಕಳಿದ್ದರು. ಒಂದು ವಿಡಿಯೊ ಕೂಡ ಇತ್ತು. 2003ರ ಫೆಬ್ರುವರಿ 12ರಂದು ರ್ವಾಂಪಾರಾ ತರಬೇತಿ ಶಿಬಿರಕ್ಕೆ ಅವನು ಹೋಗಿ, ಸಾಲಾಗಿ ನಿಂತವರಿಗೆ ಹುರುಪು ತುಂಬುವ ಭಾಷಣ ಮಾಡುತ್ತಾನೆ. ಆ ಸಾಲಿನಲ್ಲಿ ಕಣ್ಣಿಗೆ ಕಾಣುವಷ್ಟು ಚಿಕ್ಕ ಮಕ್ಕಳಿದ್ದಾರೆ. ಜನ್ಮಪತ್ರ ಬೇಕಾಗುವುದಿಲ್ಲ, ನೋಡಿದರೇ ಗೊತ್ತಾಗುತ್ತೆ ಎಂಬಂಥ ವಯಸ್ಸು. ಆ ದೃಶ್ಯ ಅವನಿಗೆ ಏನು ಗೊತ್ತಿತ್ತು ಎಂಬುದನ್ನೂ ಅವನ ಪಾತ್ರ ಏನು ಎಂಬುದನ್ನೂ ಒಟ್ಟಿಗೆ ತೋರಿಸಿತು. 2012ರ ಮಾರ್ಚ್ 14ರಂದು ಅವನು ತಪ್ಪಿತಸ್ಥ ಎಂದು ತೀರ್ಪಾಯಿತು. 14 ವರ್ಷ ಶಿಕ್ಷೆ. 2014ರ ಡಿಸೆಂಬರ್ 1ರಂದು ಮೇಲ್ಮನವಿ ಪೀಠವೂ ಹಿಡಿತದ ಸಿದ್ಧಾಂತವನ್ನೇ ಎತ್ತಿಹಿಡಿಯಿತು.

ಲುಬಾಂಗಾ ಯೋಜನೆಯಲ್ಲಿ ಒಂದು ವಿಚಿತ್ರ ಇದೆ. ಅದರ ಗುರಿ ಇತೂರಿಯ ಮೇಲೆ ರಾಜಕೀಯ ಮತ್ತು ಸೇನಾ ಹಿಡಿತ ಸಾಧಿಸಲು ಒಂದು ಸೇನೆ ಕಟ್ಟುವುದು. ಅಷ್ಟೇ ಆಗಿದ್ದರೆ ರೋಮ್ ಶಾಸನದ ಪ್ರಕಾರ ಅದು ಅಪರಾಧ ಅಲ್ಲ. ಆದರೆ ಸಹಜ ಗತಿಯಲ್ಲಿ ಅದು ಮಕ್ಕಳ ಸೇರ್ಪಡೆಗೆ ಹೋಗಿಯೇ ಹೋಗುತ್ತೆ ಅಂತ ಯೋಜಕರಿಗೆ ಗೊತ್ತಿತ್ತು. ಹಾಗಾಗಿ ಯೋಜನೆಯಲ್ಲಿ ಅಪರಾಧದ ಅಂಶ ಸೇರಿತ್ತು ಎಂದಿತು ಪೀಠ. ಜೆಸಿಇಯಲ್ಲಿ ಉದ್ದೇಶವೇ ಅಪರಾಧ ಆಗಿರಬೇಕು, ಇಲ್ಲವೇ ಗುರಿ ಮುಟ್ಟಲು ಅಪರಾಧವನ್ನೇ ದಾರಿಯಾಗಿ ಒಪ್ಪಿಕೊಂಡಿರಬೇಕು. ಈ ಒಂದು ವಿಷಯದಲ್ಲಿ ಐಸಿಸಿ ಅಳತೆಯೇ ಸಡಿಲ ಅಂತ ನನಗೆ ಅನ್ನಿಸುತ್ತೆ. ಜೆಸಿಇ ಸಡಿಲ, ಕೋ-ಪರ್ಪೆಟ್ರೇಷನ್ ಬಿಗಿ ಅಂತ ಒಂದೇ ಸಾಲಿನಲ್ಲಿ ಬರೆದರೆ ಪರೀಕ್ಷಕರು ಅಂಕ ಕೊಟ್ಟಾರು, ಆದರೆ ಅದು ಅರ್ಧ ಸತ್ಯ.

'ಅತ್ಯಗತ್ಯ ಕೊಡುಗೆ' ಎಂಬ ಅಳತೆಗೂ ಅದರದೇ ತೊಂದರೆ ಇದೆ. ಲುಬಾಂಗಾ ಪೀಠದ ಅಧ್ಯಕ್ಷರಾಗಿದ್ದ ಏಡ್ರಿಯನ್ ಫುಲ್ಫೋರ್ಡ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಅದನ್ನು ಒಪ್ಪಲಿಲ್ಲ. ಈ ಮನುಷ್ಯ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಕೇಳುವುದು ನ್ಯಾಯಾಧೀಶರನ್ನು ನಡೆಯದ ಕಥೆಯೊಳಗೆ ಇಳಿಸುತ್ತೆ. ಶಾಸನದಲ್ಲಿ 'ಅತ್ಯಗತ್ಯ' ಎಂಬ ಪದವೂ ಇಲ್ಲ. ಅಪರಾಧಕ್ಕೆ ಕಾರಣವಾಗುವಂಥ ಕೊಡುಗೆ ಇದ್ದರೆ ಸಾಕು. ಇದು ಅವರ ವಾದದ ತಿರುಳು. ಅದರಲ್ಲಿ ಹುರುಳಿದೆ. ದೊಡ್ಡ ಸಂಘಟನೆಗಳಲ್ಲಿ ಒಬ್ಬ ಕಮಾಂಡರ್ ಹೋದರೆ ಇನ್ನೊಬ್ಬ ಬರುತ್ತಾನೆ. ಹಾಗಾದರೆ ಯಾರೂ ಅತ್ಯಗತ್ಯ ಅಲ್ಲ ಅಂತ ಪ್ರತಿವಾದಿ ವಕೀಲರು ಹೇಳಬಹುದು, ಹೇಳುತ್ತಾರೆ ಕೂಡ. ಐಸಿಸಿ ಮೇಲ್ಮನವಿ ಪೀಠ ಇದಕ್ಕೆ ಕೊಟ್ಟ ಉತ್ತರ: ಇದು ಲೆಕ್ಕ ಹಾಕುವ ಪ್ರಶ್ನೆಯಲ್ಲ, ನಿಜವಾಗಿ ನಡೆದ ಅಪರಾಧದಲ್ಲಿ ಅವನ ಪಾತ್ರದ ತೂಕ ನೋಡುವ ಪ್ರಶ್ನೆ.

ಜೆಸಿಇ ಸಿಕ್ಕಸಿಕ್ಕವರನ್ನೆಲ್ಲ ಹಿಡಿಯುವ ಬಲೆ ಅನ್ನುವವರಿಗೆ ನಾನು ಕ್ರೊಯೇಷಿಯಾದ ಜನರಲ್ ಗೊತೊವಿನಾ ಪ್ರಕರಣ ತೋರಿಸುತ್ತೇನೆ. 1995ರಲ್ಲಿ ಕ್ರೊಯೇಷಿಯಾದ ಸೇನೆ ಕ್ನಿನ್ ಸೇರಿ ನಾಲ್ಕು ಪಟ್ಟಣಗಳ ಮೇಲೆ ಫಿರಂಗಿ ದಾಳಿ ಮಾಡಿತು. ಗುರಿಯಿಂದ 200 ಮೀಟರ್‌ಗಿಂತ ದೂರ ಬಿದ್ದ ಶೆಲ್‌ಗಳು ಬೇಕಂತಲೇ ನಾಗರಿಕರ ಮೇಲೆ ಹಾರಿಸಿದವು ಎಂದು ವಿಚಾರಣಾ ಪೀಠ ಎಣಿಸಿತು. ಸರ್ಬರನ್ನು ಓಡಿಸುವ ಸಾಮಾನ್ಯ ಉದ್ದೇಶ ಇತ್ತು ಎಂಬ ತೀರ್ಮಾನ ಬಹುಪಾಲು ಆ ಎಣಿಕೆಯ ಮೇಲೆ ನಿಂತಿತ್ತು. 2012ರ ನವೆಂಬರ್ 16ರಂದು ಮೇಲ್ಮನವಿ ಪೀಠ ಆ 200 ಮೀಟರ್ ಅಳತೆಗೆ ಆಧಾರವೇ ಇಲ್ಲ ಎಂದಿತು. ಅಳತೆ ಹೋಯಿತು, ಕಾನೂನುಬಾಹಿರ ದಾಳಿ ಎಂಬುದು ಹೋಯಿತು, ಅದರ ಜೊತೆ ಸಾಮಾನ್ಯ ಉದ್ದೇಶವೂ ಹೋಯಿತು. ಮೂವರು ನ್ಯಾಯಾಧೀಶರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಇಬ್ಬರು ಜನರಲ್‌ಗಳು ಖುಲಾಸೆಯಾದರು. ಜೆಸಿಇ ತೀರ್ಪು ಓದುವಾಗ ಮೊದಲು ಸಾಮಾನ್ಯ ಉದ್ದೇಶವನ್ನು ಯಾವ ಸಾಕ್ಷ್ಯದಿಂದ ಊಹಿಸಿದ್ದಾರೆ ಅಂತ ಹುಡುಕಿ. ಅದು ಒಂದೇ ಕಂಬದ ಮೇಲಿದ್ದರೆ ತೀರ್ಪು ಅಲುಗಾಡುತ್ತೆ. ಕೋ-ಪರ್ಪೆಟ್ರೇಷನ್ ತೀರ್ಪಿನಲ್ಲಿ ಹುಡುಕಬೇಕಾದದ್ದು ಬೇರೆ: ಆರೋಪಿಯ ಪಾತ್ರವನ್ನು ಅಪರಾಧಕ್ಕೆ ಜೋಡಿಸಿದ್ದಾರಾ, ಇಲ್ಲಾ ಸುಮ್ನೆ ಅವನ ಹುದ್ದೆಯನ್ನು ವಿವರಿಸಿ ಬಿಟ್ಟಿದ್ದಾರಾ?

ಜೆಸಿಇಯ ಮೂರನೇ ರೂಪದ ಈಗಿನ ಸ್ಥಿತಿ ಚುಟುಕಾಗಿ ಹೇಳಿಬಿಡುತ್ತೇನೆ. ಕಾಂಬೋಡಿಯಾದ ವಿಶೇಷ ನ್ಯಾಯಾಲಯದ ಪೂರ್ವ-ವಿಚಾರಣಾ ಪೀಠ 2010ರ ಮೇ 20ರಂದು ತಾದಿಚ್ ಪೀಠ ಕೊಟ್ಟ ಉದಾಹರಣೆಗಳನ್ನು ಮತ್ತೆ ತೂಗಿ ನೋಡಿತು. 1975ರಿಂದ 1979ರ ಅವಧಿಯಲ್ಲಿ ಮೂರನೇ ರೂಪ ರೂಢಿಗತ ಕಾನೂನಾಗಿತ್ತು ಅನ್ನಲು ಅವು ಸಾಲದು ಎಂದು ಕೈಬಿಟ್ಟಿತು. 2016ರ ಫೆಬ್ರುವರಿ 18ರಂದು ಬ್ರಿಟನ್‌ನ ಸುಪ್ರೀಂ ಕೋರ್ಟ್ ಜೋಗಿ ಪ್ರಕರಣದಲ್ಲಿ ತನ್ನದೇ ದೇಶದ ಇಂಥ ನಿಯಮವನ್ನು ಸರಿಪಡಿಸಿತು. ಜೊತೆಗಾರ ಕೊಲ್ಲಬಹುದು ಅಂತ ಊಹಿಸಿದ್ದು ಇರಾದೆಗೆ ಸಾಕ್ಷ್ಯ ಆಗಬಹುದು, ಇರಾದೆಗೆ ಬದಲಿ ಆಗಲಾರದು ಎಂದಿತು. ಹೇಗ್‌ನಲ್ಲಿ ಯುಗೋಸ್ಲಾವಿಯಾ ನ್ಯಾಯಮಂಡಳಿಯ ಕೆಲಸ ಮುಂದುವರಿಸಿದ ಸಂಸ್ಥೆಯ ಮೇಲ್ಮನವಿ ಪೀಠ ಮಾತ್ರ ಅಲುಗಲಿಲ್ಲ. 2019ರ ಮಾರ್ಚ್ 20ರಂದು ಬೋಸ್ನಿಯಾದ ಸರ್ಬ್ ನಾಯಕ ರಾದೊವಾನ್ ಕರಾಜಿಚ್‌ನ 40 ವರ್ಷದ ಶಿಕ್ಷೆಯನ್ನು ಜೀವಾವಧಿಗೆ ಏರಿಸಿದಾಗಲೂ ಅವನ ಹೊಣೆ ನಿಂತಿದ್ದು ಜೆಸಿಇ ಮೇಲೆಯೇ.

ಇನ್ನು ಉಳಿದದ್ದು ಒಂದು. ತಾದಿಚ್‌ನಂಥವನು ಐಸಿಸಿ ಮುಂದೆ ಬಂದರೆ ಬಿಡುಗಡೆಯಾಗಿ ಮನೆಗೆ ಹೋಗುತ್ತಾನಾ? ಹೋಗಲ್ಲ. ಹೊಡೆದದ್ದಕ್ಕೆ ಅವನೇ ಕರ್ತೃ. ಕೊಲೆಗಳಿಗೆ ಪ್ರಾಸಿಕ್ಯೂಟರ್ 3(ಡಿ) ಕಡೆ ಹೋಗುತ್ತಾರೆ. ಗುಂಪಿಗೆ ಉದ್ದೇಶಪೂರ್ವಕವಾಗಿ ಕೊಡುಗೆ ಕೊಟ್ಟಿದ್ದ, ಆ ಅಪರಾಧ ಎಸಗುವ ಇರಾದೆ ಗುಂಪಿಗೆ ಇದೆ ಅಂತ ತಿಳಿದಿದ್ದ ಎಂದು ತೋರಿಸಿದರೆ ಹೊಣೆ ಬರುತ್ತೆ. ಕರ್ತೃವಾಗಿ ಅಲ್ಲ, ಸಹಾಯಕನ ಸಾಲಿನಲ್ಲಿ. ಇಲ್ಲಿ ಅತ್ಯಗತ್ಯ ಪಾತ್ರ ಬೇಕಿಲ್ಲ.

ಆದರೆ ತೊಡಕು ಎಲ್ಲಿ ಬರುತ್ತೆ ಅಂತ ಕಟಾಂಗಾ ಪ್ರಕರಣ ತೋರಿಸುತ್ತೆ. 2003ರ ಫೆಬ್ರುವರಿ 24ರಂದು ಇತೂರಿಯ ಬೊಗೊರೊ ಹಳ್ಳಿಯ ಮೇಲೆ ದಾಳಿ ಆಯಿತು. ಅಲ್ಲಿನ ಸಶಸ್ತ್ರ ಗುಂಪಿನ ಮುಖಂಡ ಜೆರ್ಮೇನ್ ಕಟಾಂಗಾ ಮೇಲೆ ಐಸಿಸಿಯಲ್ಲಿ ಮೊದಲು ಇದ್ದ ಆರೋಪ ಕರ್ತೃ ಎಂದೇ. ಹೋರಾಟಗಾರರ ಮೇಲೆ ಅವನಿಗೆ ಅಂಥ ಹಿಡಿತ ಇತ್ತು ಅಂತ ಸಾಬೀತಾಗಲಿಲ್ಲ. ವಿಚಾರಣೆ ಮುಗಿದ ಮೇಲೆ ಪೀಠ ಆರೋಪದ ರೂಪವನ್ನೇ 3(ಡಿ)ಗೆ ಬದಲಿಸಿತು. ಒಬ್ಬ ನ್ಯಾಯಾಧೀಶೆ, ಕ್ರಿಸ್ಟೀನ್ ವಾನ್ ಡೆನ್ ವಿಂಗಾರ್ಟ್, ಇದು ಆರೋಪಿಗೆ ಮಾಡಿದ ಅನ್ಯಾಯ ಎಂದು ಭಿನ್ನಮತ ಬರೆದರು. ಹೊಣೆಯ ರೂಪ ಬದಲಾದರೆ ಪ್ರತಿವಾದವೇ ಬದಲಾಗಬೇಕಾಗುತ್ತೆ, ನನ್ನ ಮಟ್ಟಿಗೆ ಅವರ ಮಾತು ಸರಿ. 2014ರ ಮಾರ್ಚ್ 7ರಂದು ಕಟಾಂಗಾ ಕೊಲೆ, ನಾಗರಿಕರ ಮೇಲಿನ ದಾಳಿ, ಆಸ್ತಿ ನಾಶ ಮತ್ತು ಲೂಟಿಗೆ ತಪ್ಪಿತಸ್ಥನಾದ. ದಾಳಿಕೋರರಿಗೆ ಆಯುಧ ಒದಗುವಂತೆ ನೋಡಿಕೊಂಡಿದ್ದು ಅವನ ಮುಖ್ಯ ಕೊಡುಗೆ. ಆದರೆ ಬೊಗೊರೊದಲ್ಲಿ ಅತ್ಯಾಚಾರಗಳೂ ಆಗಿದ್ದವು. ಆಗಿದ್ದು ನಿಜ ಅಂತ ಪೀಠ ಒಪ್ಪಿತು. ಅವು ಗುಂಪಿನ ಸಾಮಾನ್ಯ ಉದ್ದೇಶದ ಭಾಗ ಎಂದು ಸಾಬೀತಾಗಿಲ್ಲ ಎಂದಿತು, ಆ ಆರೋಪದಿಂದ ಅವನನ್ನು ಬಿಟ್ಟಿತು. ಯೋಜನೆಯ ಆಚೆ ನಡೆದ, ಆದರೆ ನಡೆಯಬಹುದೆಂದು ಕಾಣುತ್ತಿದ್ದ ಅಪರಾಧವನ್ನು ಹಿಡಿಯಲು ಯುಗೋಸ್ಲಾವಿಯಾ ನ್ಯಾಯಮಂಡಳಿಯ ಪ್ರಾಸಿಕ್ಯೂಟರ್ ಬಳಿ ಮೂರನೇ ರೂಪ ಇರುತ್ತಿತ್ತು. ಐಸಿಸಿ ಪ್ರಾಸಿಕ್ಯೂಟರ್ ಬಳಿ ಅಂಥದ್ದು ಏನೂ ಇಲ್ಲ.